ಡಬ್ಬಿಗೆ ಬೀಳದ ನೂರು ಚೀಟಿ

ಹಿನ್ನೀರಿನಾಚೆಯ ಊರುಗಳಿಗೆ ಒಂದು ಆಂಬುಲೆನ್ಸ್ ಕೊಡಿಸಬೇಕೆಂದು ಸಾಗರದಲ್ಲಿ ನಾವೊಂದಷ್ಟು ಜನ ಸಮಿತಿ ಮಾಡಿಕೊಂಡಿದ್ದೆವು. ದುಡ್ಡು ಕೂಡಿಸಲು ಲಕ್ಕಿ ಡ್ರಾ ಇಡುವುದೆಂದಾಯಿತು. ಲೆಕ್ಕದ ಟೀಚರ್ ಆಗಿದ್ದವಳು ಅಂತ ಅದರ ಹೊಣೆ ನನಗೆ ಬಂತು.

ಪ್ರತಿ ಚೀಟಿಯ ಎರಡು ಭಾಗದಲ್ಲೂ ಒಂದೇ ನಂಬರು ಅಚ್ಚು ಹಾಕಿಸಿದೆ. ಒಂದು ಭಾಗ ಕೊಂಡವರಿಗೆ. ಅವರ ಹೆಸರು, ಫೋನ್ ನಂಬರು ಬರೆದ ಇನ್ನೊಂದು ಭಾಗ ಡಬ್ಬಿಗೆ. ಮಾರದೆ ಉಳಿದದ್ದು ಡಬ್ಬಿಗೆ ಬೀಳಕೂಡದು, ಮಾರಿದ್ದು ಒಂದೂ ತಪ್ಪಕೂಡದು ಎಂದು ಎಲ್ಲರಿಗೂ ಹೇಳಿದೆ. ಮೊದಲ ಬಹುಮಾನಕ್ಕೆ ಅಧ್ಯಕ್ಷರು ಟಿವಿ ಅಂದರು. ಕರೆಂಟಿಲ್ಲದ ಮಳೆಗಾಲದಲ್ಲಿ ಟಿವಿ ಯಾರಿಗೆ ಬೇಕು, ಬ್ಯಾಟರಿ ಸಮೇತ ಯುಪಿಎಸ್ ಇಡೋಣ ಅಂದೆ. ನನ್ನ ಮಾತೇ ನಡೆಯಿತು. ಹಿನ್ನೀರಿನಾಚೆ ಬ್ಯಾಕೋಡಿನ ಕಡೆಯ ಕಿರಾಣಿ ಅಂಗಡಿಯವರೊಬ್ಬರು ತಾವು ಒಯ್ದ ನಾಲ್ಕು ಪುಸ್ತಕದ ನೂರು ಚೀಟಿಯನ್ನೂ ಮಾರಿದ್ದು ಆ ಯುಪಿಎಸ್ ಆಸೆ ತೋರಿಸಿಯೇ.

ಡ್ರಾ ದಿನ, ಡಬ್ಬಿಗೆ ಹಾಕುವ ಭಾಗಗಳನ್ನು ಹಿಡಿದು ಅವರು ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬೇರೆ ಗಾಡಿ ಹಿಡಿದು ಬರುತ್ತೇನೆ, ಸ್ವಲ್ಪ ಕಾಯಿರಿ ಎಂದು ಫೋನ್ ಮಾಡಿದರು. ವೇದಿಕೆಯ ಮೇಲೆ ಅತಿಥಿಗಳು ಗಡಿಯಾರ ನೋಡುತ್ತಿದ್ದರು. ಆ ನೂರು ನಂಬರನ್ನು ಕೈಯಲ್ಲೇ ಬರೆದು ಹಾಕಬಹುದಿತ್ತು, ಆದರೆ ಕಾಗದ ಬೇರೆಯಾದರೆ ಎತ್ತುವ ಕೈಗೆ ಗೊತ್ತಾಗುತ್ತದೆ. ಕಾಯುವುದೊಂದೇ ದಾರಿ, ಇಲ್ಲವೇ ಡ್ರಾ ಮುಂದೂಡಬೇಕು ಎಂದೆ.

"ನಾಕು ಪುಸ್ತಕಕ್ಕೆ ಇಡೀ ಸಭೆ ಕೂರ್‍ಸ್ಬೇಕಾ ಮೇಡಂ? ಯಾರಿಗ್ ಗೊತ್ತಾಗತ್ತೆ?" ಅಂದರು ಅಧ್ಯಕ್ಷರು.

ಡಬ್ಬಿ ತಿರುಗಿತು. ಸಣ್ಣ ಬಹುಮಾನಗಳಿಂದ ಶುರುವಾಗಿ ಯುಪಿಎಸ್‌ವರೆಗೂ ಚಪ್ಪಾಳೆ. ಅದು ಪೇಟೆಯ ಬಟ್ಟೆ ಅಂಗಡಿಯವರ ಮನೆಗೆ ಹೋಯಿತು. ನಾನು ವೇದಿಕೆ ಇಳಿದು ಬಾಗಿಲಲ್ಲಿ ನಿಂತಿದ್ದೆ. ಕಿರಾಣಿ ಅಂಗಡಿಯವರು ಕೈಚೀಲ ಅವುಚಿಕೊಂಡು ಬಂದಾಗ ಕುರ್ಚಿ ಮಡಚುತ್ತಿದ್ದರು. ಆದದ್ದನ್ನು ಹೇಳಿದೆ. ಅವರು ಚೀಲ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು.

ಆ ನೂರು ಚೀಟಿಗೇ ಇನ್ನೊಂದು ಯುಪಿಎಸ್ ಇಟ್ಟು ಬೇರೆ ಡ್ರಾ ಮಾಡೋಣವೆಂದು ಸಮಿತಿಯಲ್ಲಿ ಕೇಳಿದೆ. ಒಳ್ಳೆ ಕೆಲಸಕ್ಕೆ ಕೊಟ್ಟದ್ದಲ್ಲವೇ, ದಾನ ಅಂದುಕೊಳ್ಳಲಿ ಎಂದರು. ನಾನು ಸಮಿತಿ ಬಿಟ್ಟೆ. ಯಾರೂ ತಡೆಯಲಿಲ್ಲ.

ಆಂಬುಲೆನ್ಸ್ ಬಂತು. ಅದನ್ನು ಒಪ್ಪಿಸುವ ದಿನ ಬ್ಯಾಕೋಡಿಗೆ ಹೋಗಿದ್ದೆ. ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಡಬ್ಬಿಲಿ ಇತ್ತು, ನಮ್ಮ ನಂಬರ್ ಬರ್ಲಿಲ್ಲ ಅಂತ ಚೀಟಿ ತಗೊಂಡೋರ್ಗೆಲ್ಲ ಹೇಳ್ಬಿಟ್ಟಿದೀನಿ. ಮೋಸ ಆಯ್ತು ಅಂತ ನಾಳೆ ಆಂಬುಲೆನ್ಸ್ ಕರೆಯೋಕೂ ಇವ್ರು ಹಿಂದೆಮುಂದೆ ನೋಡ್ಬಾರ್ದು. ನೀವೂ ಹಂಗೇ ಹೇಳಿ."

ಮಕ್ಕಳ ಹೆಸರಲ್ಲಿ ಎರಡು ಚೀಟಿ ಕೊಂಡಿದ್ದ ಹೆಂಗಸೊಬ್ಬಳು ನನ್ನ ಕೈಗೆ ಮಜ್ಜಿಗೆ ಕೊಟ್ಟಳು. "ನಮ್ಮ ಅದೃಷ್ಟ ಅಷ್ಟೇ ಬಿಡಿ ಮೇಡಂ" ಎಂದು ನಕ್ಕಳು. ಹೌದೆಂದು ತಲೆಯಾಡಿಸಿದೆ.