ಹದಿನೈದು ಹುಣ್ಣಿಮೆಯ ಲೆಕ್ಕ

ಮೂವತ್ತೊಂದು ವರ್ಷ ನಾನು ಮಕ್ಕಳಿಗೆ ಬಡ್ಡಿ ಲೆಕ್ಕ ಕಲಿಸಿದವಳು. ಮರಾಠಿ ರಾಜ್ಯಕ್ಕೆ ಸೇರಿದ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಚಕ್ರಬಡ್ಡಿಯ ಸೂತ್ರವನ್ನು ನನ್ನಷ್ಟು ಗಟ್ಟಿಯಾಗಿ ಬಾಯಿಪಾಠ ಮಾಡಿಸಿದವರು ಯಾರೂ ಇರಲಿಕ್ಕಿಲ್ಲ. ಹಾಗಾಗಿ ನಮ್ಮ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಕುರಿ ಮಾರಿದ ದುಡ್ಡಿನ ವಿಷಯ ಹಿಡಿದುಕೊಂಡು ಉಟಗಿಯಿಂದ ಸಂಖಕ್ಕೆ ನಮ್ಮ ಮನೆಗೆ ಬಂದಾಗ ನನಗೆ ಒಳಗೊಳಗೇ ಹಿಗ್ಗಾಯಿತು. ನಿವೃತ್ತಿಯಾದ ಮೇಲೆ ನನ್ನ ಬುದ್ಧಿಯನ್ನು ಕೇಳಿಕೊಂಡು ಬಂದವರಲ್ಲಿ ಅವಳೇ ಮೊದಲನೆಯವಳು.

ಮೈದುನನಿಗೆ ಮೊಣಕಾಲು ಹಿಡಿದು ಕುರಿಯ ಹಿಂದೆ ತಿರುಗುವುದು ಆಗುತ್ತಿರಲಿಲ್ಲ. ಇಡೀ ಹಿಂಡು ಮಾರಿದ್ದರು. ನಾಲ್ಕು ಲಕ್ಷ ಬಂದಿತ್ತು, ಅದು ಅವಳ ಖಾತೆಯಲ್ಲಿತ್ತು. ಮಗಳು ಎಂಟನೆಯದನ್ನು ಮುಗಿಸಿದ್ದಳು. ವಿಜಯಪುರದ ಒಂದು ವಸತಿ ಶಾಲೆಯಲ್ಲಿ ಒಂಬತ್ತರಿಂದ ಹನ್ನೆರಡರ ತನಕ ಸೀಟು ಸಿಕ್ಕಿತ್ತು. ಊಟ, ವಸತಿ, ಕಲಿಕೆ ಎಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷ. ಪ್ರತಿ ವರ್ಷ ಜೂನ್ ಮೂವತ್ತರೊಳಗೆ ಕಟ್ಟಬೇಕು, ಕಟ್ಟದಿದ್ದರೆ ಸೀಟು ಬೇರೆಯವರಿಗೆ.

"ಒಂದ ವರ್ಷ ತಪ್ಪಿದ್ರ ಸಾಕು ನೋಡ್ರಿ ಅಕ್ಕಾರ," ಅಂದಳು. "ನಮ್ಮಣ್ಣ ತನ್ನ ಮಗಗ ಮಾಡ್ಕೋತೀನಂತ ಬಾಗಲದಾಗ ನಿಂತಾನ. ಮನಿಗಿ ಬಂದ ಹುಡುಗಿ ತಿರುಗಿ ಸಾಲಿಗಿ ಹೋಗೂದಿಲ್ಲ."

ಅದು ಸುಳ್ಳಲ್ಲ. ಹಾಗೆ ಒಂದು ವರ್ಷಕ್ಕೆಂದು ಮನೆಯಲ್ಲಿ ಕೂತು, ಮರುವರ್ಷ ತೊಟ್ಟಿಲು ತೂಗಿದ ನನ್ನ ಶಾಲೆಯ ಹುಡುಗಿಯರನ್ನು ಎಣಿಸಲು ಕೈಬೆರಳು ಸಾಲುವುದಿಲ್ಲ. ಅವರನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ದುಡ್ಡು ಹಾಗೇ ಖಾತೆಯಲ್ಲಿದ್ದರೆ ಕರಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಮದುವೆ, ಮುಂಜಿ, ಮಾಳಿಗೆಯ ರಿಪೇರಿ, ಯಾರದೋ ಆಸ್ಪತ್ರೆ. ಖಾತೆಯಲ್ಲಿ ದುಡ್ಡಿದೆ ಎಂದರೆ ನೆಂಟರಿಗೆ ಅದರ ವಾಸನೆ ಬಡಿಯುತ್ತದೆ. ಠೇವು, ಅಂದರೆ ಬ್ಯಾಂಕಿನಲ್ಲಿ ಮುದ್ದತಿನ ಠೇವಣಿ ಇಡೋಣ, ವರ್ಷ ವರ್ಷಕ್ಕೆ ಒಂದೊಂದು ಕೈಗೆ ಬರುವ ಹಾಗೆ ಬೇರೆ ಬೇರೆ ಮುದ್ದತಿಗೆ ಇಡೋಣ ಎಂದೆ. ನಿಚ್ಚಣಿಕೆಯ ಮೆಟ್ಟಿಲಿನ ಹಾಗೆ, ಒಂದರ ಮೇಲೊಂದು. ಅಲ್ಲಿಯವರೆಗೆ ನನ್ನ ಬುದ್ಧಿ ಸರಿಯಾಗಿಯೇ ಇತ್ತು.

ಕಾರಹುಣ್ಣಿಮೆ ಮುಗಿದ ಎರಡನೆಯ ದಿನ ಎಸ್‌ಟಿ ಬಸ್ಸು ಹಿಡಿದು ಜತ್ತಕ್ಕೆ ಹೋದೆವು. ಬ್ಯಾಂಕಿನ ಗೋಡೆಯ ಮೇಲೆ ಬಡ್ಡಿ ದರದ ಪಟ್ಟಿ ಮರಾಠಿಯಲ್ಲಿತ್ತು. ನೆಗೆಣ್ಣಿಗೆ ಮರಾಠಿ ಮಾತು ಬರುತ್ತದೆ, ಓದು ಬರುವುದಿಲ್ಲ. ನಾನು ಕನ್ನಡಕ ಏರಿಸಿ, ತರಗತಿಯಲ್ಲಿ ನಿಂತವಳಂತೆ ಗಟ್ಟಿಯಾಗಿ ಓದಿ ಹೇಳಿದೆ. ಒಂದು ವರ್ಷದಿಂದ ಎರಡು ವರ್ಷದೊಳಗೆ ಶೇಕಡಾ ಆರೂವರೆ. ಎರಡರಿಂದ ಮೂರು ವರ್ಷದೊಳಗೆ ಆರೂ ಮುಕ್ಕಾಲು. ಮೂರರಿಂದ ಐದರೊಳಗೆ ಮತ್ತೆ ಆರೂವರೆ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ, ವಿಶೇಷ ಯೋಜನೆ, ನಾಲ್ಕು ನೂರಾ ನಲವತ್ನಾಲ್ಕು ದಿನ, ಏಳು.

ಏಳು ಕಂಡ ಕೂಡಲೇ ನನ್ನ ಲೆಕ್ಕವೆಲ್ಲ ಅದರ ಕಡೆಗೆ ಓಡಿತು. "ಮೊದಲನೇದು ಇದರಾಗ ಇಡೋಣು," ಎಂದೆ. "ವರ್ಷದ ಠೇವಿಗಿಂತ ಅರ್ಧ ಟಕ್ಕೆ ಜಾಸ್ತಿ. ಕಣ್ಣ ಮುಚ್ಚಿ ಇಡಬೇಕ ನೋಡವ್ವ."

ಅವಳು ಕಣ್ಣು ಮುಚ್ಚಲಿಲ್ಲ. "ನಾಕನೂರಾ ನಲವತ್ನಾಕ ದಿನ ಅಂದ್ರ ಎಷ್ಟ ಹುಣ್ಣಿವಿ ಆಗತಾವ್ರಿ?" ಎಂದು ಕೇಳಿದಳು.

ನನಗೆ ನಗು ಬಂತು. ಬ್ಯಾಂಕಿನಲ್ಲಿ ಹುಣ್ಣಿಮೆ ಯಾರು ಕೇಳುತ್ತಾರೆ? ಆದರೂ ಭಾಗಿಸಿ ಹೇಳಿದೆ, ಹದಿನೈದು. "ಹಂಗಂದ್ರ ಮೂರ ಸೂಲ," ಎಂದಳು. ಕುರಿ ಗಬ್ಬಾದ ಮೇಲೆ ಐದು ಹುಣ್ಣಿಮೆಗೆ ಮರಿ ಹಾಕುತ್ತದೆ. ಕುರಿ ಸಾಕಿದವರ ಮನೆಯಲ್ಲಿ ಕಾಲ ಅಳೆಯುವುದು ಅದರಿಂದಲೇ. ಬೆಂಚಿನ ಮೇಲೆ ಕೂತು ಬೆರಳ ಗೆಣ್ಣುಗಳನ್ನು ಹೆಬ್ಬೆರಳಿಂದ ಮುಟ್ಟುತ್ತ ಎಣಿಸತೊಡಗಿದಳು. ಕಡ್ಲಿಗಡಬ ಹುಣ್ಣಿವಿ, ನೂಲ ಹುಣ್ಣಿವಿ, ಜೋಕುಮಾರನ ಹುಣ್ಣಿವಿ, ಸೀಗಿ, ಗೌರಿ, ಹೊಸ್ತಲ, ಬನದ, ಭಾರತ, ಹೋಳಿ, ದವನದ, ಆಗಿ. ಹನ್ನೆರಡಕ್ಕೆ ಮತ್ತೆ ಕಾರಹುಣ್ಣಿಮೆ ಬಂತು. ಅವಳ ಬೆರಳು ಅಲ್ಲಿ ನಿಲ್ಲಲಿಲ್ಲ. ಇನ್ನೂ ಮೂರು ಗೆಣ್ಣು ದಾಟಿತು.

"ಅಕ್ಕಾರ, ಇದು ಮುಂದಿನ ವರ್ಷದ ಜೋಕುಮಾರನ ಹುಣ್ಣಿವಿಗಿ ಬರತೈತಿ. ಫೀ ಕಟ್ಟೂದು ಕಾರಹುಣ್ಣಿವಿ ಹಿಂದಾಮುಂದ. ನಡುವಿನ ಮೂರ ತಿಂಗಳ ಹುಡುಗಿ ಎಲ್ಲಿ ಇರಬೇಕ್ರಿ?"

ನಾನು ಬಡ್ಡಿ ನೋಡಿದ್ದೆ, ದಿನ ನೋಡಿರಲಿಲ್ಲ. ನಲವತ್ನಾಲ್ಕು ಮಕ್ಕಳ ಎದುರಿಗೆ ಕರಿಹಲಗೆಯ ಮೇಲೆ ತಪ್ಪು ಉತ್ತರ ಬರೆದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ನಾಚಿಕೆಯಾದಾಗ ನನಗೆ ಸುಮ್ಮನಿರುವುದು ಗೊತ್ತಿಲ್ಲ, ವಾದಿಸುತ್ತೇನೆ. "ಜೂನದಾಗ ಮುರದ್ರ ಆತಪ್ಪ, ಅದಕ್ಕೇನ?" ಎಂದು ಕೌಂಟರಿಗೇ ಕೇಳಿಸುವಂತೆ ಹೇಳಿದೆ.

ಕೌಂಟರಿನಲ್ಲಿದ್ದ ಹುಡುಗಿಗೆ ಎರಡೂ ಭಾಷೆ ಬರುತ್ತಿತ್ತು. "ಮುರೀಬಹುದ್ರಿ ಬಾಯಿ," ಅಂದಳು. "ಆದ್ರ ಏಳು ಸಿಗೂದಿಲ್ಲ. ಎಷ್ಟ ದಿನ ಇತ್ತೋ ಅಷ್ಟ ದಿನದ ದರ ಹಿಡೀತೀವಿ, ವರ್ಷಕ್ಕ ಆರೂವರೆ. ಅದರಾಗ ಮತ್ತ ಒಂದ ಟಕ್ಕೆ ದಂಡ. ಐದೂವರೆ ಕೈಗಿ ಬರತೈತಿ. ಅದಕ್ಕಿಂತ ಸೀದಾ ಒಂದ ವರ್ಷಕ್ಕ ಇಟ್ಟರ ಚಲೋ."

ಆಸೆಪಟ್ಟ ಅರ್ಧ ಟಕ್ಕೆಗೆ ಇದ್ದ ಒಂದನ್ನು ಕಳೆದುಕೊಳ್ಳುವ ಲೆಕ್ಕ. ಸೋತೆ ಎಂದು ಒಪ್ಪಿಕೊಂಡೆ. ನೆಗೆಣ್ಣಿ ಮುಸಿಮುಸಿ ನಗುತ್ತಿದ್ದಳು, ಸೆರಗು ಅಡ್ಡ ಹಿಡಿದಿದ್ದಳು, ಅದೂ ಕಂಡಿತು.

ಆಮೇಲೆ ಮೂವರೂ ಸೇರಿ ಲೆಕ್ಕವನ್ನು ಹಿಂದಿನಿಂದ ಮಾಡಿದೆವು. ಎಷ್ಟು ಇಡಬೇಕು ಎಂದಲ್ಲ, ಯಾವ ಜೂನಿಗೆ ಎಷ್ಟು ಬೇಕು ಎಂದು. ಈ ವರ್ಷದ ಒಂದು ಲಕ್ಷ ಇಡುವ ಪ್ರಶ್ನೆಯೇ ಇಲ್ಲ, ಅದು ಅವತ್ತೇ ಶಾಲೆಯ ಖಾತೆಗೆ ಹೋಯಿತು. ಉಳಿದ ಮೂರು ಜೂನಿಗೆ ಮೂರು ಠೇವು. ಬಡ್ಡಿಯನ್ನು ನಡುವೆ ತೆಗೆಯದೆ ಅಸಲಿಗೆ ಸೇರಿಸುತ್ತ ಹೋಗುವ ಬಗೆಯದು. ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಕೌಂಟರಿನ ಹುಡುಗಿ ಕಂಪ್ಯೂಟರಿಗೆ ತೊಂಬತ್ಮೂರೂವರೆ ಸಾವಿರ ಹಾಕಿ ನೋಡಿದಳು. ವರ್ಷಕ್ಕೆ ತೊಂಬತ್ತೊಂಬತ್ತು ಸಾವಿರದ ಏಳುನೂರ ಇಪ್ಪತ್ತೇಳು. ಸಾಲದು. ತೊಂಬತ್ನಾಲ್ಕು ಸಾವಿರ ಹಾಕಿದರೆ ಲಕ್ಷದ ಮೇಲೆ ಇನ್ನೂರ ಅರವತ್ತು ಬಂತು. ಎರಡು ವರ್ಷದ್ದಕ್ಕೆ ಎಂಬತ್ತೇಳೂವರೆ ಸಾವಿರ, ಮೂರು ವರ್ಷದ್ದಕ್ಕೆ ಎಂಬತ್ತೆರಡೂವರೆ ಸಾವಿರ ಸಾಕಾಯಿತು. ಎರಡೂ ಲಕ್ಷವನ್ನು ಸ್ವಲ್ಪ ದಾಟುತ್ತಿದ್ದವು. ದೂರದ ಜೂನಿಗೆ ಕಡಿಮೆ ಇಟ್ಟರೆ ಸಾಕು ಎಂಬುದು ನೆಗೆಣ್ಣಿಗೆ ಭಾಳ ಹಿಡಿಸಿತು. "ಸಣ್ಣ ಮರಿಗಿ ಮೇಯಾಕ ಹೆಚ್ಚ ದಿನ ಸಿಗತಾವ," ಎಂದಳು.

ಮೂರೂ ಸೇರಿ ಎರಡು ಲಕ್ಷ ಅರವತ್ನಾಲ್ಕು ಸಾವಿರ. ಖಾತೆಯಲ್ಲಿ ಮೂವತ್ತಾರು ಸಾವಿರ ಉಳಿಯಿತು. ಅದನ್ನೂ ಠೇವಿಗೆ ಹಾಕೋಣ ಎಂದು ನನ್ನ ಬಾಯಿಗೆ ಬಂದಿತ್ತು, ಈ ಸಲ ತಡೆದುಕೊಂಡೆ. ಫೀ ಏರಬಹುದು, ಮಗಳಿಗೆ ಜ್ವರ ಬರಬಹುದು. ಅದಕ್ಕೆ ಠೇವು ಮುರಿಯುವಂತೆ ಆಗಬಾರದು.

ಅರ್ಜಿ ತುಂಬುವಾಗ ಮಾತ್ರ ನನ್ನ ಓದು ಕೆಲಸಕ್ಕೆ ಬಂತು. ಮುದ್ದತು ಮುಗಿದ ಮೇಲೆ ಏನು ಮಾಡಬೇಕು ಎಂಬ ಸಾಲಿನ ಮುಂದೆ ಎರಡು ಚೌಕಗಳಿದ್ದವು. ಒಂದಕ್ಕೆ ಗುರುತು ಹಾಕಿದರೆ ಠೇವು ತಾನಾಗಿಯೇ ಮತ್ತೆ ಅಷ್ಟೇ ಕಾಲಕ್ಕೆ ಮುಂದುವರಿಯುತ್ತದೆ. ಇನ್ನೊಂದಕ್ಕೆ ಹಾಕಿದರೆ ದುಡ್ಡು ಉಳಿತಾಯ ಖಾತೆಗೆ ಇಳಿಯುತ್ತದೆ. ಎರಡನೆಯದಕ್ಕೆ, ಮೂರೂ ಅರ್ಜಿಯಲ್ಲಿ, ಪೆನ್ನು ಒತ್ತಿ ಗುರುತು ಹಾಕಿದೆ. ರಜೆ ಬಂದು ಒಂದೆರಡು ದಿನ ಆಚೀಚೆ ಆದರೂ ಜೂನ್ ಮೂವತ್ತಕ್ಕೆ ಇನ್ನೂ ಎಡೆ ಇತ್ತು. ಠೇವು ಅವಳೊಬ್ಬಳ ಹೆಸರಿಗೆ, ವಾರಸುದಾರಳು ಮಗಳು. ನೆಗೆಣ್ಣಿ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಮರುವರ್ಷ ಹೇಳಿದ ದಿನಕ್ಕೆ ಮೊದಲ ಠೇವಿನ ದುಡ್ಡು ಖಾತೆಗೆ ಇಳಿಯಿತು. ಅವಳು ಒಬ್ಬಳೇ ಜತ್ತಕ್ಕೆ ಹೋಗಿ, ಹತ್ತನೆಯದರ ಫೀ ಕಳಿಸಿ, ಪಾವತಿ ರಸೀದಿ ಬರೆಸಿಕೊಂಡು ಬಂದಳು. ನನ್ನನ್ನು ಕರೆಯಲೇ ಇಲ್ಲ. ಕರೆಯಲಿಲ್ಲವೆಂದು ಸ್ವಲ್ಪ ಬೇಜಾರಾಯಿತು, ಹೇಳಿಬಿಡುತ್ತೇನೆ.

ಅದೇ ವಾರ ಅವಳ ಅಣ್ಣ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಉಟಗಿಗೆ ಬಂದ. ಸುದ್ದಿ ತಿಳಿದು ನಾನೂ ಜೀಪು ಹತ್ತಿ ಹೋದೆ. ಅವನ ಮಾತು ಬೆಣ್ಣೆಯಂತೆ ಇತ್ತು. ಹುಡುಗಿಗೆ ಹತ್ತನೆಯದು ಸಾಕು, ಈಗ ಕುಂಕುಮ ಹಚ್ಚಿ ಮಾತು ಕಟ್ಟೋಣ, ಮದುವೆ ಮುಂದಿನ ಬೇಸಗೆಗೆ. ಖರ್ಚಿನ ಚಿಂತೆಯೂ ಇಲ್ಲ. "ಬ್ಯಾಂಕಿನಾಗ ಇನ್ನಾ ಎರಡ ಠೇವ ಅದಾವಲ್ಲ, ಮುರದ್ರ ಆತು," ಎಂದ.

ಮೈದುನ ಮೊಣಕಾಲು ನೀವಿಕೊಳ್ಳುತ್ತ ನೆಲ ನೋಡಿದ. ಅವನು ಕೆಟ್ಟವನಲ್ಲ, ಆದರೆ ಹಿರಿಯರ ಎದುರು ಅವನ ನಾಲಿಗೆ ಏಳುವುದಿಲ್ಲ. ಅವನು ಹೂಂ ಅಂದುಬಿಡುತ್ತಾನೆ ಎಂದು ನನಗೆ ಹೆದರಿಕೆಯಾಯಿತು. ಕಾಯ್ದೆ, ವಯಸ್ಸು, ಪೊಲೀಸು ಎಲ್ಲ ಸೇರಿಸಿ ಒಂದು ದೊಡ್ಡ ಭಾಷಣ ನನ್ನ ಗಂಟಲಿಗೆ ಬಂದಿತ್ತು.

ನೆಗೆಣ್ಣಿ ನನಗಿಂತ ಮೊದಲು ಎದ್ದಳು. ಪೆಟ್ಟಿಗೆಯಿಂದ ನಾಲ್ಕು ಕಾಗದ ತಂದು ಕಂಬಳಿಯ ಮೇಲೆ, ಅಣ್ಣನ ಮುಂದೆ, ಸಾಲಾಗಿ ಹಾಸಿದಳು. ಎರಡು ಫೀ ಪಾವತಿ, ಎರಡು ಠೇವಿನ ಪಾವತಿ. ಪ್ರತಿಯೊಂದರ ಮೇಲೂ ಬೆರಳಿಟ್ಟಳು.

"ಇದು ಒಂಬತ್ತನೇದು. ಇದು ಹತ್ತು. ಇದು ಹನ್ನೊಂದು. ಇದು ಹನ್ನೆರಡು. ಯಣ್ಣಾ, ನಿನಗ ಓದಾಕ ಬರತೈತಿ. ಇದರಾಗ ಮದುವಿದು ಯಾವ ಕಾಗದ ಐತಿ, ತೋರ್ಸು."

ಅಣ್ಣ ಠೇವಿನ ಪಾವತಿ ಎರಡನ್ನೂ ಕೈಗೆತ್ತಿಕೊಂಡು, ಮುಂದೆ ನೋಡಿ, ಹಿಂದೆ ತಿರುವಿ ನೋಡಿ, ಇದ್ದಲ್ಲೇ ಇಟ್ಟ. ಹಿರಿಯರೊಬ್ಬರು ಬಸ್ಸಿನ ಹೊತ್ತು ಕೇಳಿದರು. ಆಗ ಮೈದುನ ತಲೆ ಎತ್ತಿ, "ಚಹಾ ಕುಡದ ಹೋಗ್ರಿ, ಹುಡುಗಿ ಓದೂದು ಇನ್ನಾ ಮೂರ ವರ್ಷ ಐತಿ," ಎಂದ. ಚಹಾ ಕುಡಿದು ಹೋದರು. ಕುಂಕುಮದ ಪೊಟ್ಟಣ ಅಣ್ಣನ ಜೇಬಿನಿಂದ ಹೊರಗೆ ಬರಲೇ ಇಲ್ಲ.