ಮೂವತ್ತೊಂದನೆಯ ದಿನದ ಗಂಟೆ

ನಾನು ಗೆದ್ದ ಕೇಸುಗಳಲ್ಲಿ ನೆನೆದಾಗಲೆಲ್ಲ ಬಾಯಿ ಕಹಿಯಾಗುವುದು ಒಂದೇ. ಅದರಲ್ಲಿ ನಾನು ಸುಳ್ಳು ಹೇಳಲಿಲ್ಲ, ಕಾನೂನು ತಪ್ಪಲಿಲ್ಲ. ಅದೇ ದೊಡ್ಡ ಹೇಸಿಗೆ.

ಯಲ್ಲಾಪುರ ಪೇಟೆಯಲ್ಲಿ ಒಂದು ಮನೆ. ಹಿರಿಯ ತೀರಿಕೊಂಡ. ಅವನ ಎರಡನೆಯ ಹೆಂಡತಿಯನ್ನು ಮೈದುನ ಹೊರಗೆ ಹಾಕಲು ಹೊರಟ. ಮೊದಲನೆಯವಳು ಸತ್ತ ಮೇಲೆ ದೇವಸ್ಥಾನದಲ್ಲಿ ಅವಸರದಿಂದ ಆದ ಮದುವೆ ಅದು. ಫೋಟೋ ಇಲ್ಲ, ನೋಂದಣಿ ಇಲ್ಲ. ಹೊರಗೆ ಹಾಕದಂತೆ ತಡೆಯಾಜ್ಞೆ ಕೊಡಿ ಎಂದು ಅವಳು ದಾವೆ ಹೂಡಿದಳು. ನಾನು ಮೈದುನನ ವಕೀಲ. "ಹೆಂಡತಿಯೇ ಅಲ್ಲ" ಎಂದು ವಾದಿಸಿದೆ. ಮದುವೆ ಮಾಡಿಸಿದ ಪುರೋಹಿತರು ಸಾಕ್ಷಿಗೆ ಬರಲೇ ಇಲ್ಲ. ಮದುವೆ ರುಜುವಾತಾಗಿಲ್ಲ ಎಂದು ಬರೆದು, ಅದೇ ಕಾರಣಕ್ಕೆ ಕೋರ್ಟು ದಾವೆ ವಜಾ ಮಾಡಿತು.

ಅಪೀಲಿಗೆ ಮೂವತ್ತು ದಿನ. ನನ್ನ ಕಕ್ಷಿದಾರನಿಗೆ ನಾನೇ ಹೇಳಿಕೊಟ್ಟೆ: "ಒಂದು ತಿಂಗಳು ಅವಳನ್ನು ಚೆನ್ನಾಗಿ ನೋಡಿಕೊಳ್ಳಿ."

ಅವನು ನನಗಿಂತ ಜಾಣ. ಅವಳನ್ನು ಚಂದಗುಳಿಗೆ ಕರೆದೊಯ್ದು ಗಣಪತಿಯ ಎದುರು, "ಮನೆಯ ಜಗಳ ಮುಗಿದರೆ ಗಂಟೆ ಕಟ್ಟುತ್ತೇನೆ, ಅವಳು ಇದ್ದಲ್ಲೇ ಇರಲಿ" ಎಂದು ಹರಕೆ ಹೊತ್ತ. ಅವಳು ಅಪೀಲಿನ ಮಾತೇ ಎತ್ತಲಿಲ್ಲ. ಅಲ್ಲಿ ಗಂಟೆ ಕಟ್ಟುವುದು ಬಯಸಿದ್ದು ಕೈಗೂಡಿದ ಮೇಲೆ. ಅವನು ಕಟ್ಟಿದ್ದು ಮೂವತ್ತೊಂದನೆಯ ದಿನ. ಪಾಪ, ಅವಳೂ ಕೈಮುಗಿದು ಪ್ರಸಾದ ತಂದಳಂತೆ.

ಆರು ವರ್ಷ ಕಳೆದು ಅವನು ಮನೆ ಮಾರಲು ಹೊರಟಾಗ ಅವಳು ಗಂಡನ ಪಾಲು ಕೇಳಿ ಹೊಸ ದಾವೆ ಹಾಕಿದಳು. ಈ ಸಲ ಪುರೋಹಿತರೇ ಕೋಲೂರಿಕೊಂಡು ಬಂದು ಕೋರ್ಟಿನ ಜಗಲಿಯಲ್ಲಿ ಕೂತಿದ್ದರು. ಅವರು ಒಳಗೆ ಬಂದರೆ ನಾವು ಸೋತಂತೆ. ಹಾಗಾಗಿ ಹಳೆಯ ದಾವೆಯ ಕಾಗದ, ತೀರ್ಪು ಎಲ್ಲ ಹಾಜರುಪಡಿಸಿ, ಸಾಕ್ಷಿಗೆ ಮೊದಲು ಒಂದೇ ಪ್ರಶ್ನೆ ತೀರ್ಮಾನವಾಗಲಿ ಎಂದು ಕೇಳಿದೆ: ಪೂರ್ವನ್ಯಾಯ. ಅಂದರೆ ಇದೇ ಪಕ್ಷಗಾರರ ನಡುವೆ, ಅಧಿಕಾರವುಳ್ಳ ಕೋರ್ಟು ವಿಚಾರಿಸಿ ಕೊನೆಗಾಣಿಸಿದ್ದನ್ನು ಮತ್ತೆ ಕೆದಕುವಂತಿಲ್ಲ.

ಅವಳ ವಕೀಲ ದಡ್ಡನಲ್ಲ. ಅಂದು ಕೇಳಿದ್ದು ತಡೆಯಾಜ್ಞೆ, ಇಂದು ಪಾಲು; ದಾವೆಯೇ ಬೇರೆ ಎಂದ. ದಾವೆ ಬೇರೆಯಾಗಲಿ, ಪ್ರಶ್ನೆ ಅದೇ ಎಂದೆ ನಾನು. ತೀರ್ಪು ನಿಂತದ್ದೇ ಮದುವೆಯ ಪ್ರಶ್ನೆಯ ಮೇಲೆ. ಹಾಗಿದ್ದಾಗ ಆ ಪ್ರಶ್ನೆಯೊಂದಕ್ಕೇ ಬೀಗ ಬಿದ್ದರೂ ಸಾಕು. ಪಾಲನ್ನು ಅಂದೇ ಕೇಳಬೇಕಿತ್ತು ಎಂಬ ಆಕ್ಷೇಪವೂ ಉಂಟು, ಅದು ಒಂದೇ ವ್ಯಾಜ್ಯಕಾರಣದಲ್ಲಿ, ಅಂದರೆ ಜಗಳದ ಬುಡ ಒಂದೇ ಆಗಿದ್ದಾಗ, ಕೇಳದೆ ಬಿಟ್ಟ ಬೇಡಿಕೆಗೆ. ಅದನ್ನು ನಾನು ಎತ್ತಲಿಲ್ಲ. ಹಳೆಯ ಕೇಸು ಇನ್ನೂ ನಡೆಯುತ್ತಿದ್ದರೆ ಹೊಸದನ್ನು ತಡೆಹಿಡಿಯುತ್ತಿದ್ದರು, ಅಷ್ಟೇ. ಆದರೆ ಅದು ಮುಗಿದಿತ್ತು.

"ದೇವರ ಮುಂದೆ ಮಾತು ಕೊಟ್ಟವನು ಈಗ ತಿರುಗಿ ಬೀಳಬಹುದೇ?" ಎಂದ ಅವಳ ವಕೀಲ. ಕೊಟ್ಟ ಮಾತು ಆಡಿದವನ ಬಾಯಿ ಕಟ್ಟಬಹುದು, ಪೂರ್ವನ್ಯಾಯ ಕೋರ್ಟಿನ ಕೈಯನ್ನೇ ಕಟ್ಟುತ್ತದೆ ಎಂದೆ. ನನ್ನ ಕಕ್ಷಿದಾರ ಮಾತು ಕೊಟ್ಟದ್ದೂ ಇರಲು ಜಾಗ ಕೊಡುವುದಕ್ಕೆ, ಹೆಂಡತಿ ಎಂದು ಒಪ್ಪುವುದಕ್ಕಲ್ಲ. ತೀರ್ಪು ತಪ್ಪಿದ್ದರೆ ತಿದ್ದಲು ಅಪೀಲಿತ್ತು. ವಿಳಂಬ ಮನ್ನಿಸಿ ಎಂದು ಈಗಲೂ ಅರ್ಜಿ ಹಾಕಬಹುದಿತ್ತು, ಆದರೆ ಗಂಟೆ ನಂಬಿ ಆರು ವರ್ಷ ಕೂತೆ ಎಂದು ಯಾವ ಬಾಯಲ್ಲಿ ಹೇಳುವುದು? ದಾವೆ ವಜಾ ಆಯಿತು. ಪುರೋಹಿತರನ್ನು ಯಾರೂ ಕರೆಯಲಿಲ್ಲ.

ಜಗಲಿಯಲ್ಲಿ ಅವರು ನನ್ನ ಕೋಟಿನ ತುದಿ ಹಿಡಿದರು. "ಮದುವೆ ದಿನ ಅಂತರಪಟ ಹಿಡದವ ನಿಮ್ಮ ಕಕ್ಷಿದಾರನೇಯ. ಮಂತ್ರ ಹೇಳಿದವ ಆನು," ಎಂದು ತಮ್ಮ ಎದೆ ಮುಟ್ಟಿಕೊಂಡರು.

"ಅದನ್ನ ಆವತ್ತೇ ಹೇಳಕಾಗಿತ್ತು ಭಟ್ರೆ."

"ಆಗ ಧೈರ್ಯ ಆಜಿಲ್ಲೆ. ಅವರ ಮನೆ ಪೂಜೆ ಕೈ ತಪ್ಪತು ಹೇಳಿ ಆನು ಹೆದರಿದ್ದಿ."

ನನಗೆ ಅವರ ಮೇಲೆ ಸಿಟ್ಟು ಬಂತು, ಯಾಕೆಂದರೆ ಅದು ನನ್ನ ಮೇಲೆ ಬರಬೇಕಾದ ಸಿಟ್ಟು.

ಅವಳು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. "ಹಂಗಾರೆ ಆನು ಯಾರು?" ಎಂದು ನನ್ನನ್ನೇ ಕೇಳಿದಳು.

ಸುಮ್ಮನಿರಬಹುದಿತ್ತು. ವಕೀಲನ ನಾಲಿಗೆ, ಕಾನೂನು ಹೇಳಿತು. "ರೇಷನ್ ಕಾರ್ಡಲ್ಲಿ, ವಿಧವಾ ವೇತನದ ಪುಸ್ತಕದಲ್ಲಿ ನೀನು ಅವನ ಹೆಂಡ್ತಿಯೇ ತಂಗಿ. ತೀರ್ಪು ಊರಿಗೆಲ್ಲ ಅಲ್ಲ. ನಿಂಗೂ ನಿನ್ನ ಮೈದುನಂಗೂ ನಡುವೆ ಮಾತ್ರ."

ಲೋಕಕ್ಕೆಲ್ಲ ಹೆಂಡತಿ, ಅವಳನ್ನು ಹೊರಗೆ ಹಾಕಬಲ್ಲ ಒಬ್ಬನಿಗೆ ಮಾತ್ರ ಅಲ್ಲ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಸೆರಗಿನಿಂದ ಮುಖ ಒರೆಸಿಕೊಂಡಳು.

ಅಷ್ಟರಲ್ಲಿ ಮೈದುನ ತೀರ್ಪು ಕೇಳಿ ನಗುತ್ತಾ ಹೊರಬಂದ. ಅವಳನ್ನು ಕಂಡು ಧ್ವನಿ ತಗ್ಗಿಸಿ, ಮನೆಯ ಸಲಿಗೆಯಲ್ಲಿ ಹೇಳಿದ:

"ಅತ್ತಿಗೆ, ನಾಳೆ ರೂಮು ಖಾಲಿ ಮಾಡ್ಕೊಡು."