ನಲವತ್ತು ಜನ ಎಲ್ಲಿಂದ ಬಂದರು?

ನಮ್ಮ ಆಫೀಸಿನಲ್ಲಿ ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ಅವರಿಗಿಂತ ಹತ್ತು ವರ್ಷ ದೊಡ್ಡವನಾದ ನಮ್ಮ ಮುಖ್ಯಸ್ಥನೂ ಅಕ್ಕ ಎನ್ನುತ್ತಾನೆ. ಅದೊಂದಕ್ಕೆ ಮಾತ್ರ ಅಕ್ಕನಿಗೆ ಮೈಯೆಲ್ಲ ಉರಿಯುತ್ತದೆ. ನಮ್ಮದು ವಿಡಿಯೋ ಆಪ್ ನಡೆಸುವ ಸಣ್ಣ ಕಂಪನಿ. ಜನ ಹಾಡಿದ್ದು, ಕುಣಿದದ್ದು, ಬೆಕ್ಕಿಗೆ ಸ್ನಾನ ಮಾಡಿಸಲು ಹೋಗಿ ಪರಚಿಸಿಕೊಂಡದ್ದು, ಎಲ್ಲವೂ ಅದರಲ್ಲಿ ಬರುತ್ತದೆ. ಆಪಿನ ಹೊಸ ಆವೃತ್ತಿ ಹೊರಗೆ ಹೋಗುವ ಮುಂಚೆ ಅದರ ಹುಳುಕು ಹುಡುಕುವುದು ಅಕ್ಕನ ಕೆಲಸ. ಊರವರೆಲ್ಲ ಪುಕ್ಕಟೆ ಮಾಡುವ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವರು ನೀವೊಬ್ಬರೇ ಎಂದು ನಾನು ರೇಗಿಸುತ್ತಿರುತ್ತೇನೆ.

ನನ್ನದು ಪಕ್ಕದ ಮೇಜು, ದೂರುಗಳ ವಿಭಾಗ. ಹದಿಮೂರು ತುಂಬದವರಿಗೆ ನಮ್ಮಲ್ಲಿ ಖಾತೆ ಇಲ್ಲ. ತುಂಬಿಲ್ಲ ಎಂದು ಗೊತ್ತಾದರೆ ಇದ್ದ ಖಾತೆಯನ್ನೂ ತೆಗೆಯುತ್ತೇವೆ. ನಮ್ಮದೇ ತಪ್ಪು ಎನ್ನುವವರು ಗುರುತಿನ ಚೀಟಿ ಕಳಿಸಿ ಮೇಲ್ಮನವಿ ಸಲ್ಲಿಸಬಹುದು. ಅವನ್ನು ಓದುವ ಭಾಗ್ಯ ನನ್ನದು. ಒಬ್ಬ ಬರೆದಿದ್ದ: 'ನಾನು ಮೂವತ್ತೈದು ವರ್ಷದ ಗಂಡಸು. ನನ್ನ ಖಾತೆ ಬೇಗ ವಾಪಸ್ ಕೊಡಿ, ಎಂಟು ಗಂಟೆಯಾದ ಮೇಲೆ ಅಮ್ಮ ಫೋನ್ ಕೊಡಲ್ಲ.' ಇಂಥವನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಎಲ್ಲರೂ ನಗುತ್ತಾರೆ, ಅಕ್ಕ ನಗುವುದಿಲ್ಲ.

"ಸುಳ್ಳು ಹೇಳೋದು ಮಕ್ಕಳ ತಪ್ಪಲ್ಲ ಕಣೋ. ನಿಜ ಹೇಳಿದರೆ ಏನು ಲಾಭ ಅಂತ ಅವಕ್ಕೆ ಯಾರು ಹೇಳಿದ್ದಾರೆ?" ಎನ್ನುತ್ತಾರೆ.

ಲಾಭ ಇದೆ. ಹದಿಮೂರರಿಂದ ಹದಿನೈದರವರೆಗಿನವರು ಖಾತೆ ತೆರೆದರೆ ಅದು ತಾನಾಗಿಯೇ ಬೀಗ ಹಾಕಿಕೊಂಡೇ ಹುಟ್ಟುತ್ತದೆ. ಆ ಮಗು ಒಪ್ಪಿಕೊಂಡವರಿಗೆ ಮಾತ್ರ ವಿಡಿಯೋ ಕಾಣುತ್ತದೆ. ಅಪರಿಚಿತರು ಸಂದೇಶ ಕಳಿಸುವಂತಿಲ್ಲ, ವಿಡಿಯೋ ಇಳಿಸಿಕೊಳ್ಳುವಂತಿಲ್ಲ. ಎಲ್ಲರಿಗೂ ತೆರೆದಿಡಬೇಕೆಂದರೆ ಅಪ್ಪನೋ ಅಮ್ಮನೋ ತಮ್ಮ ಫೋನಿನಿಂದ ಒಪ್ಪಿಗೆ ಕೊಡಬೇಕು. ಈ 'ತಾನಾಗಿಯೇ' ಎನ್ನುವುದರ ಮೇಲೆ ಅಕ್ಕನಿಗೆ ಪ್ರಾಣ. "ಸೆಟ್ಟಿಂಗ್ಸ್ ಒಳಗೆ ಹೋಗಿ ನೋಡೋರು ಯಾರು? ದೊಡ್ಡೋರೇ ನೋಡಲ್ಲ. ಬಾಗಿಲು ಹಾಕಿರೋ ಮನೆ ಕೊಡಬೇಕು. ಬೇಕಾದವರು ಕೇಳಿ ತೆಗೆಸಿಕೊಳ್ಳಲಿ" ಎಂದು ಪ್ರತಿ ಸಭೆಯಲ್ಲೂ ಮೇಜು ಕುಟ್ಟುತ್ತಾರೆ.

ಅಕ್ಕನಿಗೆ ಮನೆಯಲ್ಲಿ ಒಬ್ಬಳೇ ಮಗಳು, ಆಫೀಸಿನಲ್ಲಿ ಆರು ಮಕ್ಕಳು. ಇವು ಪರೀಕ್ಷೆಗೆಂದು ಅವರೇ ಹುಟ್ಟಿಸಿದ ಸುಳ್ಳು ಖಾತೆಗಳು. ಒಂದಕ್ಕೆ ತುಂಟ, ಇನ್ನೊಂದಕ್ಕೆ ಅಳುಬುರುಕಿ, ಹೀಗೆ ಅಡ್ಡಹೆಸರು. ಪ್ರತಿ ಹೊಸ ಆವೃತ್ತಿಯಲ್ಲೂ ಈ ಆರು ಮಕ್ಕಳ ಹೆಸರಿನಲ್ಲಿ ಒಳಗೆ ಹೋಗಿ ವಿಡಿಯೋ ಹಾಕುತ್ತಾರೆ, ಆಮೇಲೆ ದೊಡ್ಡವರ ಖಾತೆಯಿಂದ ಇಣುಕಿ ಕಾಣುತ್ತದೆಯೋ ಎಂದು ನೋಡುತ್ತಾರೆ. ಕಾಣದಿದ್ದರೆ "ಮಕ್ಕಳು ಮಲಗಿದವು" ಎಂದು ಚಹಾ ಕುಡಿಯಲು ಹೊರಡುತ್ತಾರೆ.

ನಿಜವಾದ ಮಗಳಿಗೆ ಹದಿನಾಲ್ಕು. ಹತ್ತನೆಯ ವಯಸ್ಸಿನಲ್ಲೇ ಅವಳ ಗೆಳತಿಯರೆಲ್ಲ ತಮ್ಮ ಅಮ್ಮಂದಿರ ಹುಟ್ಟಿದ ವರ್ಷ ಹಾಕಿ ಖಾತೆ ತೆರೆದಿದ್ದರು. ಅಕ್ಕ ಬಿಡಲಿಲ್ಲ. ಹದಿಮೂರಾದಾಗ ಪರೀಕ್ಷೆ ಮುಗಿಯಲಿ ಎಂದರು. ಪರೀಕ್ಷೆ ಮುಗಿದಾಗ ಹೊಸ ಆವೃತ್ತಿ ಬರಲಿ, ಅದು ಗಟ್ಟಿಯಾಗಿರುತ್ತದೆ ಎಂದರು. ಹುಡುಗಿ ಅತ್ತಳು, ಮಾತು ಬಿಟ್ಟಳು, ಕೊನೆಗೆ ಒಪ್ಪಿದಳು. ಏಕೆಂದರೆ ಅಕ್ಕ ಒಂದು ಮಾತು ಕೊಟ್ಟಿದ್ದರು: "ನೀನು ನಿಜವಾದ ಹುಟ್ಟಿದ ದಿನ ಹಾಕು. ಮಿಕ್ಕಿದ್ದನ್ನ ಆಪ್ ನೋಡಿಕೊಳ್ಳುತ್ತೆ. ಅಲ್ಲಿ ನಾನು ಕೂತಿದ್ದೀನಿ."

ಆ ಹೊಸ ಆವೃತ್ತಿ ಹೊರಡುವ ದಿನ ಬಂದೇ ಬಂತು. ಆಫೀಸಿನಲ್ಲಿ ಕಾಲಿಡಲು ಜಾಗವಿಲ್ಲ. ಬೆಳಿಗ್ಗೆ ನೂರಕ್ಕೆ ಒಬ್ಬರ ಫೋನಿಗೆ ಮಾತ್ರ ಬಿಡುವುದು, ಎಲ್ಲ ಸರಿಯಿದ್ದರೆ ಸಂಜೆ ಎಲ್ಲರಿಗೂ ಎಂದು ಲೆಕ್ಕ. ಶಾಲೆಗೆ ರಜೆ ಇದ್ದುದರಿಂದ ಮಗಳೂ ಅಮ್ಮನ ಜೊತೆ ಬಂದಿದ್ದಳು. ಅಮ್ಮನ ಹಾಗೆಯೇ ಸಣಕಲು, ಅಮ್ಮನ ಹಾಗೆಯೇ ಕಾಲು ಒಂದು ಕಡೆ ನಿಲ್ಲದು. ಅವಳ ಫೋನಿಗೂ ಹೊಸ ಆವೃತ್ತಿ ಹಾಕಿಸಿದ್ದರು.

"ಮಾಮ, ಹುಟ್ಟಿದ ದಿನ ಕೇಳ್ತಿದೆ!" ಎಂದು ಊಟದ ಕೋಣೆಯಿಂದ ಕೂಗಿದಳು. ನಾನು ಓಡಿದೆ. ಎಷ್ಟು ವಯಸ್ಸಾಗಿರಬೇಕು ಎಂಬ ಸುಳಿವನ್ನೇ ಕೊಡದೆ ಕೇಳುವ ಪರದೆ ಅದು. ಕಡಿಮೆ ಬಂದರೆ ಬಾಗಿಲು ಮುಚ್ಚುತ್ತದೆ, ಹಿಂದೆ ಹೋಗಿ ವರ್ಷ ತಿದ್ದಲು ಬಿಡುವುದಿಲ್ಲ. ಅವಳು ದಿನ, ತಿಂಗಳು, ವರ್ಷ ಮೂರನ್ನೂ ಗಟ್ಟಿಯಾಗಿ ಓದುತ್ತಾ ನಿಜವನ್ನೇ ಹಾಕಿದಳು. 'ಸ್ವಾಗತ' ಎಂದು ಬಂತು. ಅವಳು ಕುರ್ಚಿಯ ಮೇಲೆಯೇ ಕುಣಿದಳು. ಮನೆಯ ಮುಂದೆ ನಿಂತು ಶಿಳ್ಳೆ ಹಾಕಿದ ವಿಡಿಯೋ ಒಂದನ್ನು ಮೊದಲೇ ಮಾಡಿಟ್ಟುಕೊಂಡಿದ್ದಳು. ಹುಡುಗಿ ಶಿಳ್ಳೆಯಲ್ಲಿ ಇಡೀ ಹಾಡು ಹಾಡುತ್ತಾಳೆ, ಮನೆಯವರ ಕಿವಿ ತೂತಾಗಿದೆ. ಹಾಕಿಯೇಬಿಟ್ಟಳು.

"ಅಮ್ಮಾ, ಬಾ, ನೋಡು!"

"ಬಂದೆ, ಬಂದೆ" ಎಂದ ಅಕ್ಕ ಬರಲಿಲ್ಲ. ಅವರ ಸುತ್ತ ಐದು ಜನ ನಿಂತಿದ್ದರು. ನಾನೂ ನನ್ನ ಮೇಜಿಗೆ ಮರಳಿದೆ.

ಸ್ವಲ್ಪ ಹೊತ್ತಿಗೆ ಹುಡುಗಿ ಗಾಳಿಯ ಹಾಗೆ ಒಳಗೆ ನುಗ್ಗಿದಳು. ಮುಖವೆಲ್ಲ ನಗು. "ಅಮ್ಮಾ, ನಲವತ್ತು ಜನ ನೋಡಿದ್ದಾರೆ! ನಲವತ್ತು!"

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ದಡ್ಡ. ಅಕ್ಕ ಮಾತ್ರ ಕುರ್ಚಿಯಿಂದ ಎದ್ದರು.

"ನಲವತ್ತು ಜನ ಎಲ್ಲಿಂದ ಬಂದರು? ನೀನು ಯಾರನ್ನೂ ಇನ್ನೂ ಸೇರಿಸಿಕೊಂಡಿಲ್ಲ ಅಲ್ವಾ?"

"ಇಲ್ಲ. ಅವರೇ ಬಂದರು. ಕಮೆಂಟೂ ಇದೆ ನೋಡು."

ಅಕ್ಕ ಫೋನು ಕಿತ್ತುಕೊಂಡರು. ನಾನು ಹೆಗಲ ಮೇಲಿಂದ ಓದಿದೆ. ಯಾರೋ ಬರೆದಿದ್ದ: 'ಈ ನೀಲಿ ಗೇಟು ನಂಗೊತ್ತು. ನೀರಿನ ಟ್ಯಾಂಕಿನ ಪಕ್ಕದ ಮನೆ ಅಲ್ವಾ?'

"ನಿಲ್ಸಿ!" ಎಂದು ಅಕ್ಕ ಕೂಗಿದ ಕೂಗಿಗೆ ಪಕ್ಕದ ಕಟ್ಟಡದವರೂ ಕೆಲಸ ನಿಲ್ಲಿಸಿರಬೇಕು. ಖಾತೆ ತೆರೆಯುವ ಹೊಸ ಪರದೆಯನ್ನು ಆರಿಸುವ ಗುಂಡಿ ಮುಖ್ಯಸ್ಥನ ಕೈಯಲ್ಲಿತ್ತು. "ಅಕ್ಕ, ಸ್ವಲ್ಪ ತಾಳಿ, ಏನು ಅಂತ ನೋಡೋಣ..." ಎಂದು ಆತ ರಾಗ ಎಳೆದ. "ನೋಡೋದು ಆಮೇಲೆ. ಮೊದಲು ಆರಿಸಿ. ಹೊರಗೆ ನಿಮ್ಮ ಮಗಳು ನಿಂತಿದ್ದರೆ ತಾಳ್ತಿದ್ರಾ?" ಆತ ಗುಂಡಿ ಒತ್ತಿದ.

ಹುಳುಕು ಸಿಗಲು ಹೊತ್ತು ಹಿಡಿಯಲಿಲ್ಲ. ಮೊದಲೇ ವಯಸ್ಸು ಕೇಳಿದರೆ ಜನ ಓಡಿಹೋಗುತ್ತಾರೆಂದು ಮುಖ್ಯಸ್ಥ ಈ ಸಲ ಆ ಪ್ರಶ್ನೆಯನ್ನು ಕೊನೆಗೆ ತಳ್ಳಿಸಿದ್ದ. ಹಾಗಾಗಿ ವಯಸ್ಸು ತಿಳಿಯುವ ಮೊದಲೇ ಖಾತೆ ಹುಟ್ಟಿಬಿಡುತ್ತಿತ್ತು, ದೊಡ್ಡವರ ಖಾತೆಯ ಹಾಗೆ, ಬಾಗಿಲು ತೆರೆದುಕೊಂಡು. ಆಮೇಲೆ ಹುಟ್ಟಿದ ದಿನ ಹಾಕಿದರೆ ಹದಿಮೂರು ತುಂಬದವರನ್ನು ಆಪ್ ತಡೆಯುತ್ತಿತ್ತು ನಿಜ, ಹದಿನಾಲ್ಕರವರ ಬಾಗಿಲನ್ನು ಮುಚ್ಚಲು ಮಾತ್ರ ಯಾರೂ ಹಿಂದಿರುಗಿ ಹೋಗುತ್ತಿರಲಿಲ್ಲ.

"ನಿಮ್ಮ ಪರೀಕ್ಷೆಯಲ್ಲಿ ಇದು ಯಾಕೆ ಸಿಗಲಿಲ್ಲ?" ಎಂದು ಮುಖ್ಯಸ್ಥ ಕೇಳಿದ. ಕೇಳುವ ಹಕ್ಕು ಅವನಿಗಿತ್ತು, ಆದರೂ ನನಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು.

ಅಕ್ಕ ತಲೆ ತಗ್ಗಿಸಲಿಲ್ಲ. "ನನ್ನ ಆರೂ ಮಕ್ಕಳು ಹಳೇ ಆವೃತ್ತಿಯಲ್ಲಿ ಹುಟ್ಟಿದವು. ಅವುಗಳ ಬೀಗ ಆಗಲೇ ಬಿದ್ದಿತ್ತು. ಆವೃತ್ತಿ ಬದಲಾದರೂ ಹಳೇ ಖಾತೆಯ ಬೀಗ ಹಾಗೇ ಇರುತ್ತೆ. ಹೊಸ ಪರದೆಯಿಂದ ಒಂದು ಹೊಸ ಮಗುವನ್ನ ನಾನು ಹುಟ್ಟಿಸಬೇಕಿತ್ತು. ಹುಟ್ಟಿಸಲಿಲ್ಲ. ಮಕ್ಕಳು ಮಲಗಿದವು ಅಂದ್ಕೊಂಡೆ" ಎಂದರು.

ಮಗಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಫೋನು ಕೇಳಿ ಪಡೆದು, ಏನೋ ಒತ್ತಿ, ತೋರಿಸಿದಳು. ಖಾತೆಯನ್ನೇ ಅಳಿಸಿಹಾಕಿದ್ದಳು.

"ಸುಳ್ಳು ಹೇಳಿದ ನನ್ನ ಫ್ರೆಂಡ್ಸಿಗೂ ಬೀಗ ಇಲ್ಲ, ನಿಜ ಹೇಳಿದ ನಂಗೂ ಇಲ್ಲ. ಮತ್ತೆ ನಾಲ್ಕು ವರ್ಷ ಯಾಕೆ ಕಾಯಿಸಿದೆ ಅಮ್ಮಾ? ಇನ್ನು ಮುಂದೆ ನಾನೂ ನಿನ್ನ ಹುಟ್ಟಿದ ವರ್ಷಾನೇ ಹಾಕ್ತೀನಿ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಸಂಜೆವರೆಗೆ ಸಮಯ ಕೊಡು. ಆಮೇಲೂ ನಂಬಿಕೆ ಬರದಿದ್ದರೆ ನಿನ್ನಿಷ್ಟ."

ಆಮೇಲಿನದನ್ನು ನೆನೆದರೆ ಈಗಲೂ ನನ್ನ ಮೈ ಬಿಸಿಯಾಗುತ್ತದೆ. ಬೆಳಿಗ್ಗೆಯಿಂದ ಹೊಸ ಪರದೆಯಲ್ಲಿ ಬಂದ ಹದಿನಾರರೊಳಗಿನವರ ಖಾತೆಗಳನ್ನೆಲ್ಲ ಹುಡುಕಿ ಬೀಗ ಹಾಕಿದೆವು. ಅವರ ವಿಡಿಯೋಗಳು ಅಪರಿಚಿತರಿಗೆ ಕಾಣದಂತಾದವು. ಏನಾಯಿತೆಂದು ಆ ಮಕ್ಕಳಿಗೆ ತಿಳಿಸುವ ಸಂದೇಶವನ್ನು ನಾನೇ ಬರೆದೆ. 'ತಾಂತ್ರಿಕ ಅಡಚಣೆ' ಎಂದು ಬರೆ ಎಂದ ಮುಖ್ಯಸ್ಥ. 'ನಮ್ಮ ತಪ್ಪು' ಎಂದು ಬರೆ ಎಂದರು ಅಕ್ಕ. ನಾನು ಅಕ್ಕನ ಮಾತು ಕೇಳಿದೆ. ಅತ್ತ ವಯಸ್ಸಿನ ಪ್ರಶ್ನೆ ಮತ್ತೆ ಮೊದಲಿಗೆ ಬಂತು. ವಯಸ್ಸು ಗೊತ್ತಿಲ್ಲದಿದ್ದರೆ ಖಾತೆ ಬೀಗ ಹಾಕಿಕೊಂಡೇ ಹುಟ್ಟಬೇಕೆಂಬ ನಿಯಮವನ್ನೂ ಅಕ್ಕ ಸೇರಿಸುವಂತೆ ಮಾಡಿದರು. ಊಟ ಯಾರಿಗೂ ನೆನಪಾಗಲಿಲ್ಲ. ಓಡಾಡಿ, ಕಿರುಚಾಡಿ, ಒಬ್ಬರ ಮೇಲೊಬ್ಬರು ಹರಿಹಾಯ್ದು ಸಂಜೆಯಾಯಿತು.

ಅಕ್ಕ ಈಗ ಹೊಸ ಮಗುವೊಂದನ್ನು ಹುಟ್ಟಿಸಲು ಕೂತರು. ಅಷ್ಟರಲ್ಲಿ ಮಗಳು ಬಂದು ಅವರ ಕೈ ಸರಿಸಿದಳು.

"ಸುಳ್ಳು ಮಕ್ಕಳು ಸಾಕು. ನಾನೇ ಇದ್ದೀನಲ್ಲ."

ಖಾತೆ ತೆರೆಯುವ ಪರದೆಗೆ ಹೋದಳು. ಮೊದಲಿಗೇ ಹುಟ್ಟಿದ ದಿನ ಕೇಳಿತು. ವರ್ಷದ ಚಕ್ರ ತಿರುಗಿಸುತ್ತಾ ಅಮ್ಮನ ವರ್ಷದ ಹತ್ತಿರ ಬೇಕೆಂದೇ ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಚಕ್ರ ಮತ್ತೆ ತಿರುಗಿ ಅವಳ ನಿಜವಾದ ವರ್ಷಕ್ಕೆ ಬಂದು ನಿಂತಿತು. ಬೇರೆ ಇಮೇಲ್ ಕೊಟ್ಟು ಖಾತೆ ತೆರೆದು, ಅದೇ ಶಿಳ್ಳೆಯ ವಿಡಿಯೋ ಹಾಕಿದಳು.

ನಾವೆಲ್ಲ ನಮ್ಮ ನಮ್ಮ ಫೋನಿನಲ್ಲಿ ಅವಳನ್ನು ಹುಡುಕಿದೆವು. ಹೆಸರು ಕಾಣುತ್ತಿತ್ತು, ಪಕ್ಕದಲ್ಲಿ ಬೀಗ. ವಿಡಿಯೋ ಇಲ್ಲ. "ಎಷ್ಟು?" ಎಂದು ಯಾರೋ ಕೇಳಿದರು. "ಸೊನ್ನೆ" ಎಂದಳು ಹುಡುಗಿ. ಕಾದೆವು. "ಈಗ?" "ಸೊನ್ನೆ." ಮತ್ತೂ ಕಾದೆವು. "ಸೊನ್ನೇ!" ಇಡೀ ಆಫೀಸು ಹೋ ಎಂದು ಕುಣಿಯಿತು. ಮುಖ್ಯಸ್ಥ ಅಕ್ಕನ ಕೈ ಕುಲುಕಿದ, ಕನ್ನಡಕದ ಪ್ರೋಗ್ರಾಮರ್ ಒಬ್ಬ ಮೇಜಿನ ಮೇಲೆ ಹತ್ತಿದ, ಕೂಗಿ ಕೂಗಿ ನನ್ನ ಗಂಟಲು ಹರಿಯಿತು.

"ನನ್ನ ವಿಡಿಯೋ ಯಾರೂ ನೋಡಿಲ್ಲ ಅಂತ ಇಷ್ಟು ಖುಷಿಪಡೋರನ್ನ ನಾನು ಎಲ್ಲೂ ನೋಡಿಲ್ಲ ಮಾಮ" ಎಂದು ಹುಡುಗಿ ನಕ್ಕಳು.

ಆಗ ಅವಳ ಫೋನು ಸದ್ದು ಮಾಡಿತು. ಯಾರೋ ಅವಳಿಗೆ 'ನನ್ನನ್ನು ಸೇರಿಸಿಕೋ' ಎಂದು ಕೋರಿಕೆ ಕಳಿಸಿದ್ದರು. ಎರಡು ಕುರ್ಚಿ ಆಚೆ ಅಕ್ಕ ತಮ್ಮ ಫೋನು ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಕೂತಿದ್ದರು.

"ಯಾರಪ್ಪಾ ಇವರು? ಗೊತ್ತಿಲ್ಲದವರನ್ನ ಸೇರಿಸಿಕೊಳ್ಳಬಾರದು ಅಂತ ನಮ್ಮಮ್ಮ ಹೇಳಿದ್ದಾರೆ" ಎಂದು ಸ್ವಲ್ಪ ಸತಾಯಿಸಿ, ಮಗಳು ಒಪ್ಪಿದಳು.

ಅಕ್ಕ ವಿಡಿಯೋ ತೆರೆದರು. ಬೆಳಿಗ್ಗೆಯಿಂದ ಅದು ಕಾಣುತ್ತದೆಯೇ, ಕಾಣುವುದಿಲ್ಲವೇ ಎಂಬುದೇ ಅವರ ಚಿಂತೆಯಾಗಿತ್ತು. ಅದರಲ್ಲಿ ಏನಿದೆ ಎಂದು ನೋಡಿಯೇ ಇರಲಿಲ್ಲ. ಗೇಟಿನ ಮುಂದೆ ನಿಂತ ಹುಡುಗಿ ಗಂಟಲು ಸರಿಮಾಡಿಕೊಂಡು ಹೇಳಿದಳು: "ಇದು ನನ್ನ ಮೊದಲನೇ ವಿಡಿಯೋ. ನಮ್ಮಮ್ಮನಿಗೆ. ಅವಳು ಒಳ್ಳೇ ಕಾವಲುಗಾರ್ತಿ, ಆದರೆ ತುಂಬಾ ತಡ." ಆಮೇಲೆ ಶಿಳ್ಳೆ ಶುರುವಾಯಿತು.

ಅಕ್ಕ ಕಣ್ಣೀರು ಒರೆಸಿಕೊಳ್ಳಲಿಲ್ಲ, ಹಾಗೇ ಸುರಿಯಲು ಬಿಟ್ಟರು. "ಇದನ್ನ ಆ ನಲವತ್ತು ಜನಕ್ಕಿಂತ ಮುಂಚೆ ನಾನು ನೋಡಬೇಕಿತ್ತು ಪುಟ್ಟಿ."

ಮಗಳು ಫೋನನ್ನು ಅಮ್ಮನ ಕಡೆ ತಿರುಗಿಸಿದಳು.

"ಆ ಖಾತೆ ಹೋಯ್ತಲ್ಲ. ಇಲ್ಲಿ ನೋಡು, ಒಂದು ಅಂತ ಇದೆ. ಅದು ನೀನೇ."